ಇಂಟರ್ನಲ್ ಟೆಸ್ಟ್‌ನಲ್ಲಿ ಚೀಟಿ ಸಿಕ್ಕಿದರೆ: ಕೊಠಡಿ ಮೇಲ್ವಿಚಾರಕರ ಮೊದಲ ಹತ್ತು ನಿಮಿಷ

ಸೆಮಿಸ್ಟರ್ ಕೊನೆಯ ಪರೀಕ್ಷೆಯಲ್ಲಿ ಯಾರಾದರೂ ಸಿಕ್ಕಿಬಿದ್ದರೆ ನಮಗೆ ಅಷ್ಟು ತಲೆಬಿಸಿ ಇಲ್ಲ. ಯೂನಿವರ್ಸಿಟಿಯ ಫಾರಂ ಇರುತ್ತದೆ. ತುಂಬಿ, ಸಹಿ ಹಾಕಿ, ಲಕೋಟೆ ಸೀಲ್ ಮಾಡಿ ಕಳಿಸಿದರೆ ಎಂಪಿಸಿ, ಅಂದರೆ ಮಾಲ್‌ಪ್ರಾಕ್ಟೀಸ್ ಕೇಸ್, ಬುಕ್ ಆಯಿತು. ಮುಂದಿನ ವಿಚಾರಣೆ ಅವರದು. ಇಂಟರ್ನಲ್ ಟೆಸ್ಟ್‌ನ ಕಥೆಯೇ ಬೇರೆ. ಇಲ್ಲಿ ಪ್ರಶ್ನೆಪತ್ರಿಕೆ ಮಾಡುವವರು ನಾವು, ಕೊಠಡಿ ಕಾಯುವವರು ನಾವು, ಹಿಡಿಯುವವರು ನಾವು, ಕೊನೆಗೆ ತೀರ್ಮಾನ ಮಾಡುವವರೂ ನಾವೇ. ಅದಕ್ಕೇ ಇಲ್ಲಿ ತಪ್ಪುಗಳು ಜಾಸ್ತಿ.

ನಾನು ಚಿಕ್ಕಮಗಳೂರಿನಲ್ಲಿ ಕಾಮರ್ಸ್ ಪಾಠ ಮಾಡುತ್ತೇನೆ. ಕೆಲವು ವರ್ಷ ಇಂಟರ್ನಲ್ ಪರೀಕ್ಷೆಗಳ ಸಂಯೋಜಕನ ಕೆಲಸವನ್ನೂ ನೋಡಿಕೊಂಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಆಗ ಬೇರೆ ಕಾಲೇಜು, ಒಬ್ಬ ಹುಡುಗನ ಕೈಯಲ್ಲಿ ಚೀಟಿ ಸಿಕ್ಕಿತು. ಸಿಟ್ಟು ಬಂತು. ಚೀಟಿಯನ್ನು ಅವನ ಎದುರಿಗೇ ಹರಿದು ಕಸದ ಬುಟ್ಟಿಗೆ ಹಾಕಿದೆ. ಬ್ಲೂ ಬುಕ್ ಕಿತ್ತುಕೊಂಡು ಹೊರಗೆ ಕಳಿಸಿದೆ. ಎರಡು ದಿನ ಬಿಟ್ಟು ಪ್ರಿನ್ಸಿಪಾಲರು ಕರೆದು, "ಚೀಟಿ ಎಲ್ಲಿ?" ಅಂದರು. ಕಸ ಗುಡಿಸಿ ಆಗಿತ್ತು. ಹುಡುಗ ಚೀಟಿ ಅಲ್ಲ, ಬಸ್ ಟಿಕೆಟ್ ಅಂದ. ಅಲ್ಲ ಅಂತ ಸಾಧಿಸಲು ನನ್ನ ಹತ್ತಿರ ಏನೂ ಇರಲಿಲ್ಲ.

ಈ ಲೇಖನ ಬರೆಯಲು ಆ ಬಸ್ ಟಿಕೆಟ್ಟೇ ಕಾರಣ. ಪರೀಕ್ಷಾ ಕೊಠಡಿಯ ಎಲ್ಲ ನಿಯಮಗಳನ್ನೂ ಇಲ್ಲಿ ಹೇಳಲು ಹೋಗಿಲ್ಲ. ಇಂಟರ್ನಲ್‌ಗೆ ಮಾತ್ರ ಸಂಬಂಧಿಸಿದ ತಯಾರಿ, ಒಂದು ಪ್ರಕರಣ, ಅದರ ವರದಿ, ಇಷ್ಟೇ.

ಟೆಸ್ಟ್ ಶುರುವಾಗುವ ಮೊದಲು

ಇಂಟರ್ನಲ್‌ನ ದೊಡ್ಡ ತೂತು ಬ್ಲೂ ಬುಕ್. ಯೂನಿವರ್ಸಿಟಿ ಪರೀಕ್ಷೆಯಲ್ಲಿ ಪ್ರತಿ ಸಲ ಹೊಸ ಉತ್ತರ ಪತ್ರಿಕೆ ಸಿಗುತ್ತದೆ. ಬ್ಲೂ ಬುಕ್ ಹಾಗಲ್ಲ, ಒಂದೇ ಪುಸ್ತಕದಲ್ಲಿ ಎರಡೋ ಮೂರೋ ಟೆಸ್ಟ್ ನಡೆಯುತ್ತವೆ. ಮೊದಲ ಟೆಸ್ಟ್ ತಿದ್ದಿದ ಮೇಲೆ ಅಂಕ ನೋಡಲಿ ಅಂತ ವಿದ್ಯಾರ್ಥಿಯ ಕೈಗೆ ಕೊಡುತ್ತೇವೆ. ಅವತ್ತೇ ವಾಪಸ್ ಬಂದರೆ ಸರಿ. ಒಂದು ರಾತ್ರಿ ಹಾಸ್ಟೆಲ್‌ನಲ್ಲಿ ಉಳಿದು ಬಂದರೆ, ಹಿಂದಿನ ಖಾಲಿ ಹಾಳೆಗಳು ಇನ್ನೂ ಖಾಲಿಯಾಗಿಯೇ ಇವೆ ಅಂತ ಹೇಳಲು ಆಗುವುದಿಲ್ಲ. ಎರಡನೇ ಟೆಸ್ಟ್‌ನಲ್ಲಿ ಆ ಹಾಳೆ ತೆರೆದು ಮುಂದೆ ತಂದುಕೊಳ್ಳುವುದು ಯಾರ ಕಣ್ಣಿಗೂ ಕಾಪಿಯ ಹಾಗೆ ಕಾಣುವುದಿಲ್ಲ. ಅವನದೇ ಪುಸ್ತಕ, ಅವನೇ ಬರೆಯುತ್ತಿದ್ದಾನೆ ಅಲ್ವಾ?

ಇದಕ್ಕೆ ಸುಲಭ ಉಪಾಯ ಇದೆ. ಬ್ಲೂ ಬುಕ್ ಹಂಚುವ ಮೊದಲು ಒಂದೊಂದನ್ನೂ ಹಿಂದಿನಿಂದ ಮುಂದಕ್ಕೆ ಒಮ್ಮೆ ಸರ್ರನೆ ತಿರುಗಿಸಿ. ಒಂದು ಪುಸ್ತಕಕ್ಕೆ ಐದಾರು ಸೆಕೆಂಡ್ ಸಾಕು. ಹಿಂದಿನ ಟೆಸ್ಟ್ ಮುಗಿದ ಕಡೆ ಅಡ್ಡ ಗೆರೆ ಎಳೆದು, ಈ ಟೆಸ್ಟ್ ಶುರುವಾಗುವ ಪುಟದ ಮೇಲ್ಭಾಗದಲ್ಲಿ ದಿನಾಂಕ ಬರೆದು ಚಿಕ್ಕ ಸಹಿ ಹಾಕಿ. ಟೆಸ್ಟ್ ಶುರುವಾದ ಮೇಲೆ ಹಾಜರಿ ಹಾಳೆ ಹಿಡಿದು ಬೆಂಚಿಂದ ಬೆಂಚಿಗೆ ಹೋಗುವಾಗ ಹಾಕುವ ಸಹಿ ಬೇರೆ, ಇದು ಬೇರೆ. ಎರಡೂ ಬೇಕು.

ಚಿಕ್ಕಮಗಳೂರಿನ ಮಳೆಗಾಲದಲ್ಲಿ ಇನ್ನೊಂದು ತಾಪತ್ರಯ. ಬ್ಯಾಗ್ ಹೊರಗಿಡಿ ಅಂದರೆ ವರಾಂಡದಲ್ಲಿ ಇರಚಲು ಹೊಡೆಯುತ್ತದೆ, ಪುಸ್ತಕ ನೆನೆಯುತ್ತದೆ. ಹಾಗಾಗಿ ಬ್ಯಾಗ್‌ಗಳನ್ನು ಒಳಗೇ ಬೋರ್ಡ್ ಕೆಳಗೆ ಸಾಲಾಗಿ ಇಡಿಸಿ, ಜಿಪ್ ಹಾಕಿಸಿ. ಛತ್ರಿ ಹೊರಗಿರಲಿ. ಜರ್ಕಿನ್ ತೆಗೆಯಿರಿ ಅಂತ ಚಳಿಯಲ್ಲಿ ಒತ್ತಾಯ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಎಲ್ಲರೂ ನಿಂತುಕೊಂಡು ತಮ್ಮ ಜೇಬು ತಾವೇ ಹೊರಗೆ ಎಳೆದು ತೋರಿಸಲಿ. ನೀವು ಯಾರ ಜೇಬಿಗೂ ಕೈ ಹಾಕಬೇಡಿ. ಹುಡುಗಿಯರ ವಿಷಯದಲ್ಲಿ ಸಂಶಯ ಬಂದರೆ ಮಹಿಳಾ ಸಹೋದ್ಯೋಗಿ ಬರುವವರೆಗೆ ಕಾಯಿರಿ. ಅವರೂ ಮೈ ಮುಟ್ಟಬಾರದು, ತೋರಿಸಲು ಕೇಳಬೇಕು ಅಷ್ಟೇ.

ಆಲ್ದೂರು, ಮೂಡಿಗೆರೆ ಕಡೆಯ ಬಸ್ ಮಳೆಗೆ ತಡವಾಗುವುದು ಇದ್ದದ್ದೇ. ಎಷ್ಟು ನಿಮಿಷದವರೆಗೆ ಒಳಗೆ ಬಿಡಬೇಕು ಎಂದು ಸಂಯೋಜಕರು ಮೊದಲೇ ಎಲ್ಲ ಕೊಠಡಿಗಳಿಗೂ ಒಂದೇ ಲೆಕ್ಕ ಹೇಳಿರಬೇಕು. ತಡವಾಗಿ ಬಂದವರ ಹೆಸರಿನ ಮುಂದೆ ಬಂದ ಸಮಯ ಬರೆಯಿರಿ. ಆಮೇಲೆ ಯಾವುದಾದರೂ ತಕರಾರು ಬಂದರೆ ಈ ಸಮಯವೇ ಆಧಾರ.

ಕೊನೆಗೆ, ಏನೇನು ಇಟ್ಟುಕೊಳ್ಳಬಾರದು ಎಂದು ಗಟ್ಟಿಯಾಗಿ ಹೇಳಿ, ಬೋರ್ಡಿನ ಮೇಲೂ ಬರೆಯಿರಿ. ಮೊಬೈಲ್, ಸ್ಮಾರ್ಟ್ ವಾಚ್, ಇಯರ್‌ಬಡ್, ಚೀಟಿ, ಬರೆದ ಅಂಗೈ, ಬರೆದ ಸ್ಕೇಲ್, ಬರೆದ ಕ್ಯಾಲ್ಕುಲೇಟರ್ ಕವರ್. ಆಮೇಲೆ ಒಂದು ನಿಮಿಷ ಕೊಡಿ: "ಇದ್ದರೆ ಈಗ ತಂದು ಮುಂದೆ ಇಡಿ, ಏನೂ ಕೇಳಲ್ಲ." ಈ ಒಂದು ನಿಮಿಷದಲ್ಲಿ ಅರ್ಧ ತೊಂದರೆ ಮುಗಿಯುತ್ತದೆ. ನಮ್ಮಲ್ಲಿ ಒಮ್ಮೆ ಮೇಜಿನ ಮೇಲೆ ಐದು ಫೋನು, ಎರಡು ಚೀಟಿ, ಒಂದು ಬಾಚಣಿಗೆ ಬಂದವು. ಬಾಚಣಿಗೆ ಯಾಕೆ ತಂದಿಟ್ಟ ಅಂತ ಇವತ್ತಿಗೂ ಗೊತ್ತಾಗಿಲ್ಲ.

ಕೊಠಡಿಯಲ್ಲಿ ನಿಲ್ಲುವ ಜಾಗ

ಮುಂದೆ ಕುರ್ಚಿಯಲ್ಲಿ ಕೂತರೆ ನಿಮ್ಮ ಕಣ್ಣು ಎಲ್ಲಿದೆ ಅಂತ ಎಲ್ಲರಿಗೂ ಕಾಣುತ್ತದೆ. ಹಿಂದೆ ನಿಂತರೆ ಯಾರಿಗೂ ಕಾಣುವುದಿಲ್ಲ. ಚೀಟಿ ಇಟ್ಟುಕೊಂಡವರು ತಲೆ ತಿರುಗಿಸಿ ನಿಮ್ಮನ್ನು ಹುಡುಕುತ್ತಾರೆ, ಬರೆಯುವವರು ಹುಡುಕುವುದಿಲ್ಲ. ಜೋರು ಮಳೆಯಲ್ಲಿ ಶೀಟಿನ ಸದ್ದಿಗೆ ಪಿಸುಮಾತು ಕೇಳುವುದೇ ಇಲ್ಲ, ಹಾಗಾಗಿ ಕಿವಿ ನಂಬಬೇಡಿ. ಕರೆಂಟ್ ಹೋದರೆ ಎಲ್ಲರೂ ಪೆನ್ ಕೆಳಗಿಡಲಿ, ಹೋದ ಸಮಯ, ಬಂದ ಸಮಯ ಎರಡನ್ನೂ ಬೋರ್ಡಿನ ಮೇಲೆ ಬರೆಯಿರಿ. ಆ ನಿಮಿಷಗಳನ್ನು ಕೊನೆಯಲ್ಲಿ ಎಲ್ಲರಿಗೂ ಸೇರಿಸಿ ಕೊಡಿ. ಬ್ಲೂ ಬುಕ್ ತಿದ್ದುವ ಕೆಲಸವನ್ನು ಆ ಒಂದು ಗಂಟೆ ಮರೆತುಬಿಡಿ.

ಕ್ಯಾಲ್ಕುಲೇಟರ್ ಮುಚ್ಚಳ

ಈಗ ಪ್ರಕರಣಕ್ಕೆ ಬರೋಣ. ಬಿ.ಕಾಂ. ತರಗತಿ, ಕಾಸ್ಟ್ ಅಕೌಂಟಿಂಗ್, ಎರಡನೇ ಇಂಟರ್ನಲ್. 20 ಅಂಕ, ಒಂದು ಗಂಟೆ, ಬೆಳಿಗ್ಗೆ 10.30ಕ್ಕೆ ಶುರು. ಮೂವತ್ತೆರಡು ಜನ. ವಿಷಯ ಪಾಠ ಮಾಡುವವರು ಬೇರೆ ಅಧ್ಯಾಪಕಿ, ಕೊಠಡಿಯಲ್ಲಿ ನಾನು.

ಮೂರನೇ ಬೆಂಚಿನ ಹುಡುಗನ ಹತ್ತಿರ ಸೈಂಟಿಫಿಕ್ ಕ್ಯಾಲ್ಕುಲೇಟರ್ ಇತ್ತು. ಜಾರುವ ಕಪ್ಪು ಪ್ಲಾಸ್ಟಿಕ್ ಮುಚ್ಚಳದ್ದು. ಸಾಮಾನ್ಯವಾಗಿ ಮುಚ್ಚಳ ತೆಗೆದು ಹಿಂದಕ್ಕೆ ಸಿಕ್ಕಿಸಿ ಲೆಕ್ಕ ಮಾಡುತ್ತಾರೆ. ಇವನು ಮುಚ್ಚಳವನ್ನು ಬೇರೆ ಹಿಡಿದುಕೊಂಡು ಕಿಟಕಿಯ ಕಡೆ ವಾಲಿಸುತ್ತಿದ್ದ. 10.50ರ ಸುಮಾರಿಗೆ ಒಮ್ಮೆ, 10.52ಕ್ಕೆ ಇನ್ನೊಮ್ಮೆ. ಎರಡನೇ ಸಲ ವಾಲಿಸಿ, ತಕ್ಷಣ ಬರೆದ.

ಹತ್ತಿರ ಹೋಗಿ ನೋಡಿದರೆ ಮುಚ್ಚಳದ ಒಳಗೆ ಏನೂ ಇಲ್ಲ. ಕೈಗೆ ತೆಗೆದುಕೊಂಡು ಅವನ ಹಾಗೇ ಬೆಳಕಿಗೆ ವಾಲಿಸಿದೆ. ಪೆನ್ಸಿಲ್ ಸೀಸ ಹೊಳೆಯಿತು. ಕಪ್ಪು ಪ್ಲಾಸ್ಟಿಕ್ ಮೇಲೆ ಪೆನ್ಸಿಲ್‌ನಲ್ಲಿ ಬರೆದರೆ ನೇರ ನೋಡಿದವರಿಗೆ ಕಾಣುವುದಿಲ್ಲ, ಓರೆ ಬೆಳಕಿಗೆ ಮಾತ್ರ ಕಾಣುತ್ತದೆ. ಬರೆದದ್ದು ಇಷ್ಟು:

```
EOQ = √(2AO/C)
ROL = MU × MP
Min = ROL − (NU × NP)
```

ಇಂಥ ಹೊತ್ತಿನಲ್ಲಿ ಮನಸ್ಸು ಎರಡು ಕೆಲಸಕ್ಕೆ ಹಾತೊರೆಯುತ್ತದೆ. ಒಂದು, ಜೋರಾಗಿ ಕೂಗುವುದು. ಇನ್ನೊಂದು, ಹೆಬ್ಬೆರಳಿನಿಂದ ಒರೆಸಿ "ಹೋಗ್ಲಿ ಬಿಡು, ಬರಿ" ಅನ್ನುವುದು. ಎರಡೂ ಬೇಡ. ಕೂಗಿದರೆ ಉಳಿದ ಮೂವತ್ತೊಂದು ಜನರ ಸಮಯ ಹಾಳು, ಆ ಹುಡುಗನಿಗೆ ಎಲ್ಲರ ಎದುರು ಅವಮಾನ. ಒರೆಸಿದರೆ ನಾಳೆ ಇನ್ನೊಬ್ಬನನ್ನು ಹಿಡಿಯುವ ನೈತಿಕ ಹಕ್ಕು ನಿಮಗಿಲ್ಲ. ಪೆನ್ಸಿಲ್ ಬರಹ ಒಂದು ಸಲ ಬೆರಳು ಆಡಿಸಿದರೆ ಹೋಗಿಬಿಡುತ್ತದೆ, ಅದಕ್ಕೇ ಮುಚ್ಚಳವನ್ನು ಅಂಚಿನಲ್ಲಿ ಹಿಡಿದುಕೊಳ್ಳಿ.

ನಾನು ಮಾಡಿದ್ದನ್ನು ಕ್ರಮವಾಗಿ ಹೇಳುತ್ತೇನೆ. ಮೊದಲು ಗಡಿಯಾರ ನೋಡಿ ಸಮಯ ಗುರುತಿಸಿಕೊಂಡೆ: 10.55. ಹುಡುಗನಿಗೆ ಮೆಲ್ಲಗೆ, "ಪೆನ್ ಕೆಳಗಿಡು, ಎದ್ದೇಳಬೇಡ" ಅಂದೆ. ಬ್ಲೂ ಬುಕ್ ತೆಗೆದುಕೊಂಡು, ಅವನು ಬರೆದ ಕೊನೆಯ ಸಾಲಿನ ಕೆಳಗೆ ಕೆಂಪು ಇಂಕಿನಲ್ಲಿ ಗೆರೆ ಎಳೆದು "10.55ಕ್ಕೆ ವಶಕ್ಕೆ ತೆಗೆದುಕೊಂಡಿದೆ" ಎಂದು ಬರೆದು ಸಹಿ ಮಾಡಿದೆ. ಈ ಗೆರೆ ಬಹಳ ಮುಖ್ಯ. ಇದು ಇಲ್ಲದಿದ್ದರೆ ಮುಂದೆ "ಸಿಕ್ಕಿಬಿದ್ದ ಮೇಲೆ ಬರೆದಿದ್ದು" ಎಂದು ಅವನೂ ಹೇಳಬಹುದು, ನಮ್ಮನ್ನೂ ಯಾರಾದರೂ ಹಾಗೇ ಕೇಳಬಹುದು.

ಆಮೇಲೆ ಪಕ್ಕದ ಕೊಠಡಿಯ ಮೇಲ್ವಿಚಾರಕರನ್ನು ಅಟೆಂಡರ್ ಮೂಲಕ ಕರೆಸಿದೆ. ಸಾಕ್ಷಿಗೆ ಇನ್ನೊಬ್ಬರು ಬೇಕೇ ಬೇಕು. ನಾನು ಹೇಳಿದ್ದನ್ನು ಅವರು ಒಪ್ಪುವುದಲ್ಲ, ಮುಚ್ಚಳವನ್ನು ಅವರೇ ವಾಲಿಸಿ ಅವರೇ ಓದಬೇಕು. ಅವರು ಓದಿದ್ದನ್ನು ಒಂದು ಹಾಳೆಯಲ್ಲಿ ನಕಲು ಮಾಡಿದರು. ಹುಡುಗನ ಎದುರೇ ಮುಚ್ಚಳದ ಫೋಟೋ ತೆಗೆದೆವು. ನೇರವಾಗಿ ತೆಗೆದ ಮೊದಲ ಫೋಟೋದಲ್ಲಿ ಬರೀ ಕಪ್ಪು ಪ್ಲಾಸ್ಟಿಕ್ ಇತ್ತು. ವಾಲಿಸಿ ತೆಗೆದಾಗ ಅಕ್ಷರ ಬಂದವು. ಫೋಟೋದಲ್ಲಿ ಓದಲು ಬರುತ್ತದೆಯೇ ಎಂದು ಅಲ್ಲೇ ದೊಡ್ಡದು ಮಾಡಿ ನೋಡಿಕೊಳ್ಳಿ, ಸಂಜೆ ನೋಡಿದರೆ ಆಗುವುದಿಲ್ಲ. ಈ ಫೋಟೋ ಸಂಯೋಜಕರಿಗೆ ಮಾತ್ರ ಹೋಗಬೇಕು. ಸ್ಟಾಫ್ ವಾಟ್ಸಾಪ್ ಗುಂಪಿಗೆ ಹಾಕುವ ಚಟ ಕೆಲವರಿಗಿದೆ. ಅಲ್ಲಿಗೆ ಹೋದರೆ ಮಧ್ಯಾಹ್ನದೊಳಗೆ ವಿದ್ಯಾರ್ಥಿಗಳ ಗುಂಪಿನಲ್ಲೂ ಇರುತ್ತದೆ.

ಮುಚ್ಚಳವನ್ನು ಬರಹ ಒಳಗೆ ಉಜ್ಜದ ಹಾಗೆ ಒಂದು ಕಾಗದದ ಲಕೋಟೆಗೆ ಹಾಕಿ, ಅಂಟಿಸಿದ ಜಾಗದ ಮೇಲೆ ನಾನು, ಸಾಕ್ಷಿ, ಹುಡುಗ ಮೂವರೂ ಸಹಿ ಮಾಡಿದೆವು. ಕ್ಯಾಲ್ಕುಲೇಟರ್ ಅವನ ವಸ್ತು. ಅದರಲ್ಲಿ ಬರಹ ಇಲ್ಲ, ಹಾಗಾಗಿ ಅದನ್ನು ಇಟ್ಟುಕೊಳ್ಳಲಿಲ್ಲ. ಮುಚ್ಚಳ ತೆಗೆದುಕೊಂಡಿದ್ದಕ್ಕೆ ಒಂದು ರಸೀತಿ ಬರೆದುಕೊಟ್ಟೆ.

11.05ಕ್ಕೆ ಅವನಿಗೆ ಹೊಸ ಉತ್ತರ ಹಾಳೆ ಕೊಟ್ಟು, ಉಳಿದದ್ದು ಬರೆಯಲು ಹೇಳಿದೆ. ಕಳೆದುಹೋದ ಹತ್ತು ನಿಮಿಷ ಸೇರಿಸಿ 11.40ರವರೆಗೆ ಸಮಯ. ಇದಕ್ಕೆ ಸಹೋದ್ಯೋಗಿಗಳು ಹುಬ್ಬೇರಿಸುತ್ತಾರೆ. "ಸಿಕ್ಕಿಬಿದ್ದವನಿಗೆ ಮತ್ತೆ ಪೇಪರ್ರಾ?" ಹೌದು. ತೀರ್ಮಾನ ಮಾಡುವವರು ಕೊಠಡಿಯಲ್ಲಿ ಹಿಡಿದ ನಾವಲ್ಲ, ಕಾಲೇಜಿನ ಸಮಿತಿ. ನಾಳೆ ಸಮಿತಿ ಇವನ ತಪ್ಪಿಲ್ಲ ಎಂದರೆ ಆ ಮೂವತ್ತೈದು ನಿಮಿಷವನ್ನು ಯಾರೂ ವಾಪಸ್ ಕೊಡಲು ಆಗುವುದಿಲ್ಲ. ತಪ್ಪಿದೆ ಎಂದರೆ ಎರಡನೇ ಹಾಳೆಯನ್ನು ತಿದ್ದದೇ ಇಟ್ಟರಾಯಿತು. ಎರಡನ್ನೂ ಬೇರೆ ಬೇರೆ ಇಟ್ಟು, ಹೊಸದರ ಮೇಲೆ "ಎರಡನೇ ಉತ್ತರ ಪತ್ರಿಕೆ, 11.05ರಿಂದ" ಎಂದು ಬರೆಯಿರಿ. ನಿಮ್ಮ ಕಾಲೇಜಿನ ನಿಯಮ ಬೇರೆ ಹೇಳಿದರೆ ಅದೇ ನಡೆಯಬೇಕು, ಆದರೆ ನಿಯಮ ಇದೆಯೋ ಬರೀ ರೂಢಿಯೋ ಎಂದು ಮೊದಲು ವಿಚಾರಿಸಿ.

ಮುಚ್ಚಳದ ಬದಲು ಫೋನ್ ಸಿಕ್ಕಿದ್ದರೆ? ಕ್ರಮ ಇದೇ, ಒಂದು ಎಚ್ಚರಿಕೆ ಜಾಸ್ತಿ. ಫೋನ್ ತೆರೆಯಬೇಡಿ, ಲಾಕ್ ತೆಗೆ ಎಂದು ಹೇಳಬೇಡಿ, ಗ್ಯಾಲರಿ ನೋಡಬೇಡಿ. ಪರದೆಯ ಮೇಲೆ ಆಗ ಏನು ಕಂಡಿತೋ ಅದನ್ನು ಸಾಕ್ಷಿಯ ಎದುರು ಬರೆದುಕೊಳ್ಳಿ. ಅವನ ಕೈಯಿಂದಲೇ ಸ್ವಿಚ್ ಆಫ್ ಮಾಡಿಸಿ ಲಕೋಟೆಗೆ ಹಾಕಿಸಿ. ಕೈಗೆ ಬರೆದುಕೊಂಡಿದ್ದರೆ ಫೋಟೋ ಮತ್ತು ನಕಲು ಎರಡೇ ದಾರಿ, ಲಕೋಟೆಗೆ ಹಾಕಲು ಆಗುವುದಿಲ್ಲವಲ್ಲ.

ಹೇಳಿಕೆ ಬರೆಸುವುದು

ಟೆಸ್ಟ್ ಮುಗಿದ ಮೇಲೆ ಹುಡುಗನನ್ನು ಸಂಯೋಜಕರ ಕೊಠಡಿಗೆ ಕರೆದುಕೊಂಡು ಹೋಗಿ, ಒಂದು ಖಾಲಿ ಹಾಳೆ ಕೊಡಿ. "ಏನಾಯಿತು, ನಿನ್ನ ಮಾತಿನಲ್ಲಿ ಬರಿ" ಎಂದು ಹೇಳಿ ಸುಮ್ಮನಿರಿ. ಕನ್ನಡವೋ ಇಂಗ್ಲಿಷೋ, ಅವನಿಗೆ ಬರುವ ಭಾಷೆಯಲ್ಲಿ ಬರೆಯಲಿ.

ಸುಮ್ಮನಿರಿ ಅಂತ ಯಾಕೆ ಹೇಳುತ್ತೇನೆ ಅಂದರೆ, ನಾನೂ ಒಮ್ಮೆ ಸುಮ್ಮನಿರಲಿಲ್ಲ. ಹುಡುಗನಿಗೆ ತಪ್ಪೊಪ್ಪಿಗೆ ಪತ್ರವನ್ನು ನಾನೇ ಹೇಳಿ ಬರೆಸಿದೆ. "ನಾನು ಪರೀಕ್ಷಾ ಕೊಠಡಿಯಲ್ಲಿ ದುರ್ನಡತೆ ತೋರಿ..." ಹೀಗೆ ಅಚ್ಚುಕಟ್ಟಾಗಿ. ಸಮಿತಿಯ ಮುಂದೆ ಅವನ ಅಪ್ಪ ಬಂದರು. ತೋಟದ ಕೆಲಸ ಬಿಟ್ಟು ಬಂದವರು, ಗಮ್‌ಬೂಟಿನಲ್ಲೇ ಇದ್ದರು. ಪತ್ರ ನಿಧಾನವಾಗಿ ಓದಿ ತಲೆ ಎತ್ತಿ ಹೇಳಿದರು: "ಸಾರ್, ನನ್ನ ಮಗ ತಪ್ಪು ಮಾಡಿರ್ಬಹುದು. ಆದ್ರೆ 'ದುರ್ನಡತೆ' ಅನ್ನೋ ಪದ ಅವನ ಬಾಯಲ್ಲಿ ನಾನು ಒಂದು ದಿನವೂ ಕೇಳಿಲ್ಲ." ಸಮಿತಿಯವರು ನನ್ನ ಮುಖ ನೋಡಿದರು. ಆ ಪತ್ರಕ್ಕೆ ಅಲ್ಲಿಗೇ ಬೆಲೆ ಹೋಯಿತು.

ಈ ಸಲದ ಹುಡುಗ ಬರೆದದ್ದು ನಾಲ್ಕೇ ಸಾಲು. ಮುಚ್ಚಳದ ಮೇಲೆ ಬರೆದದ್ದು ತಾನೇ, ಹಿಂದಿನ ದಿನ ಓದುವಾಗ ಬರೆದಿದ್ದು, ಒರೆಸಲು ಮರೆತೆ, ನೋಡಿ ಬರೆದಿಲ್ಲ ಅಂತ. ನನಗೆ ನಂಬಿಕೆ ಬರಲಿಲ್ಲ. ಆದರೆ ಒಂದಕ್ಷರ ಬದಲಿಸಲು ಹೇಳಲಿಲ್ಲ. ಬರೆಯಲು ಒಪ್ಪದವರೂ ಇರುತ್ತಾರೆ. ಒತ್ತಾಯ ಬೇಡ, "ಹೇಳಿಕೆ ಕೊಡಲು ನಿರಾಕರಿಸಿದರು" ಎಂದು ಬರೆದು ನೀವೂ ಸಾಕ್ಷಿಯೂ ಸಹಿ ಹಾಕಿ.

ಹೇಳಿಕೆ ಆದ ಮೇಲೆ ಅವನನ್ನು ಹಾಗೇ ಹೊರಗೆ ಕಳಿಸಬೇಡಿ. ಆ ಹೊತ್ತಿನಲ್ಲಿ ಮಕ್ಕಳ ತಲೆಯಲ್ಲಿ ಏನು ಓಡುತ್ತಿದೆ ಅಂತ ನಮಗೆ ಗೊತ್ತಾಗುವುದಿಲ್ಲ. ಕ್ಲಾಸ್ ಟೀಚರ್ರೋ, ಅವನಿಗೆ ಹಿಡಿಸುವ ಇನ್ನೊಬ್ಬ ಅಧ್ಯಾಪಕರೋ ಸ್ವಲ್ಪ ಹೊತ್ತು ಜೊತೆಗಿರಲಿ. ಮುಂದೆ ಏನು ನಡೆಯುತ್ತದೆ, ಜಾಸ್ತಿಯೆಂದರೆ ಎಷ್ಟು ಶಿಕ್ಷೆ ಆಗಬಹುದು ಎಂದು ನೇರವಾಗಿ ಹೇಳಲಿ. ಪೊಲೀಸ್, ಡಿಬಾರ್ ಅಂತ ಹೆದರಿಸುವುದು ಬೇಡ. 2024ರ ಕೇಂದ್ರ ಸರ್ಕಾರದ ಸಾರ್ವಜನಿಕ ಪರೀಕ್ಷೆಗಳ ಕಾಯ್ದೆ ಯುಪಿಎಸ್‌ಸಿ, ಎಸ್‌ಎಸ್‌ಸಿ, ಎನ್‌ಟಿಎ ಅಂಥವರು ನಡೆಸುವ ಪರೀಕ್ಷೆಗಳಿಗೆ. ನಮ್ಮ ಬ್ಲೂ ಬುಕ್ ಟೆಸ್ಟ್‌ಗೂ ಅದಕ್ಕೂ ಸಂಬಂಧ ಇಲ್ಲ. ಊರಿನ ಬಸ್ ಹತ್ತುವವರೆಗೆ ಗೆಳೆಯ ಜೊತೆಗಿದ್ದಾನೆಯೇ ಎಂದು ನೋಡಿ. ಮನೆಗೆ ಫೋನ್ ಮಾಡಬೇಕಾದರೆ ಪ್ರಿನ್ಸಿಪಾಲರು ಮಾಡಲಿ, ಅದೂ ಹುಡುಗನಿಗೆ ತಿಳಿಸಿ.

ವರದಿ ಬರೆಯುವುದು

ವರದಿ ಅದೇ ದಿನ ಸಂಯೋಜಕರಿಗೆ ಸೇರಬೇಕು, ಅವರಿಂದ ಪ್ರಿನ್ಸಿಪಾಲರಿಗೆ. ನಾಳೆ ಬರೆದರೆ ನಿಮಿಷಗಳು ಮರೆತುಹೋಗುತ್ತವೆ, ಬದಲಿಗೆ ಸಿಟ್ಟು ಸೇರಿಕೊಳ್ಳುತ್ತದೆ.

ವರದಿಯಲ್ಲಿ ಕಣ್ಣಿಗೆ ಕಂಡದ್ದು ಮಾತ್ರ ಇರಬೇಕು, ನಮ್ಮ ಊಹೆ ಇರಬಾರದು. ನಾನು ನೋಡಿದ ಎಷ್ಟೋ ವರದಿಗಳು ಹೀಗಿರುತ್ತವೆ: "ಸದರಿ ವಿದ್ಯಾರ್ಥಿಯು ಕ್ಯಾಲ್ಕುಲೇಟರ್ ಸಹಾಯದಿಂದ ನಕಲು ಮಾಡುತ್ತಿದ್ದು, ಈತನು ತರಗತಿಯಲ್ಲೂ ಅಶಿಸ್ತಿನ ವಿದ್ಯಾರ್ಥಿಯಾಗಿರುತ್ತಾನೆ." ಇದರಲ್ಲಿ ಸಮಿತಿಗೆ ಬೇಕಾದ ಒಂದು ವಿಷಯವೂ ಇಲ್ಲ. ನಕಲು ಮಾಡಿದನೇ ಅನ್ನುವುದೇ ಸಮಿತಿ ತೀರ್ಮಾನ ಮಾಡಬೇಕಾದ ಪ್ರಶ್ನೆ. ತರಗತಿಯ ಅಶಿಸ್ತಿಗೂ ಈ ಟೆಸ್ಟ್‌ಗೂ ಸಂಬಂಧ ಇಲ್ಲ. ಅದನ್ನು ಬರೆದರೆ ನಿಮಗೆ ಮೊದಲೇ ಅವನ ಮೇಲೆ ಹಗೆ ಇತ್ತು ಅಂತ ಆಗುತ್ತದೆ.

ನಾನು ಬರೆದದ್ದು ಸುಮಾರಾಗಿ ಹೀಗಿತ್ತು. ದಿನಾಂಕ, ಕೊಠಡಿ, ವಿಷಯ, ರಿಜಿಸ್ಟರ್ ನಂಬರ್ ಮೇಲ್ಭಾಗದಲ್ಲಿ, ಕೆಳಗೆ:

"10.50 ಮತ್ತು 10.52ಕ್ಕೆ ಈ ವಿದ್ಯಾರ್ಥಿ ಕ್ಯಾಲ್ಕುಲೇಟರ್ ಮುಚ್ಚಳವನ್ನು ಕೈಯಲ್ಲಿ ಹಿಡಿದು ಕಿಟಕಿಯ ಕಡೆ ವಾಲಿಸುವುದನ್ನು ಕೊಠಡಿಯ ಹಿಂಭಾಗದಿಂದ ನೋಡಿದೆ. ಎರಡನೇ ಸಲ ವಾಲಿಸಿದ ಕೂಡಲೇ ಬ್ಲೂ ಬುಕ್‌ನಲ್ಲಿ ಬರೆದರು. 10.55ಕ್ಕೆ ಮುಚ್ಚಳ ಪಡೆದು ನೋಡಿದಾಗ ಒಳಭಾಗದಲ್ಲಿ ಪೆನ್ಸಿಲ್‌ನಲ್ಲಿ ಬರೆದ ಮೂರು ಸಾಲುಗಳಿದ್ದವು. ಅವುಗಳ ನಕಲು ಮತ್ತು ಫೋಟೋ ಲಗತ್ತಿಸಿದೆ. ಆ ಸಮಯಕ್ಕೆ 3ನೇ ಪ್ರಶ್ನೆಯ ಉತ್ತರ ಅರ್ಧ ಬರೆದಿತ್ತು. ಕೊನೆಯ ಸಾಲಿನ ಕೆಳಗೆ ಗೆರೆ ಎಳೆದು ಸಹಿ ಮಾಡಿದ್ದೇನೆ. ಮುಚ್ಚಳವನ್ನು ಸಾಕ್ಷಿಯ ಎದುರು ಲಕೋಟೆಯಲ್ಲಿ ಮುಚ್ಚಲಾಗಿದೆ. 11.05ಕ್ಕೆ ಹೊಸ ಹಾಳೆ ಕೊಟ್ಟು 11.40ರವರೆಗೆ ಬರೆಯಲು ಅವಕಾಶ ಕೊಟ್ಟಿದೆ. ವಿದ್ಯಾರ್ಥಿಯ ಹೇಳಿಕೆ ಲಗತ್ತಿಸಿದೆ."

ಇಷ್ಟೇ. 'ನಕಲು ಹೊಡೆದ' ಎಂಬ ಮಾತು ಎಲ್ಲೂ ಇಲ್ಲ. ಜೊತೆಗೆ ಹೋದದ್ದು ಪ್ರಶ್ನೆಪತ್ರಿಕೆ, ಬ್ಲೂ ಬುಕ್, ಎರಡನೇ ಉತ್ತರ ಹಾಳೆ, ಲಕೋಟೆ, ಸಾಕ್ಷಿ ಮಾಡಿದ ನಕಲು, ಫೋಟೋ, ಹೇಳಿಕೆ, ರಸೀತಿಯ ಪ್ರತಿ, ಅವತ್ತಿನ ಕುಳಿತುಕೊಳ್ಳುವ ಪಟ್ಟಿ. ಹಾಜರಿ ಹಾಳೆಯಲ್ಲಿ ಅವನ ಹೆಸರಿನ ಮುಂದೆ ಗೈರು ಎಂದು ಹಾಕಬೇಡಿ. ಹಾಜರು, ಷರಾದಲ್ಲಿ ಎಂಪಿಸಿ ವರದಿ ಎಂದಿರಲಿ.

ಸಮಿತಿಯಲ್ಲಿ ಏನಾಯಿತು

ಸಮಿತಿಯಲ್ಲಿ ಹಿಡಿದವರು ಕೂರಬಾರದು. ವಿಷಯದ ಅಧ್ಯಾಪಕರೂ ಕೂರಬಾರದು. ಇಬ್ಬರೂ ಬಂದು ಹೇಳಿ ಹೋಗುವವರು ಮಾತ್ರ. ಚಿಕ್ಕ ಕಾಲೇಜಿನಲ್ಲಿ ಜನ ಕಡಿಮೆ ಇರುವುದರಿಂದ ಇದು ಕಷ್ಟ, ಆದರೂ ಬೇರೆ ವಿಭಾಗದ ಮೂವರು ಸಿಕ್ಕೇ ಸಿಗುತ್ತಾರೆ. ಕುಳಿತುಕೊಳ್ಳುವ ಮೊದಲು ವಿದ್ಯಾರ್ಥಿಗೆ ಬರವಣಿಗೆಯಲ್ಲಿ ನೋಟಿಸ್ ಹೋಗಬೇಕು, ವರದಿಯ ಪ್ರತಿ ಅದರ ಜೊತೆ ಇರಬೇಕು. ಏನು ಆರೋಪ ಅಂತ ಗೊತ್ತಿಲ್ಲದೆ ಅವನು ಏನು ಉತ್ತರ ಕೊಡುತ್ತಾನೆ?

ಮೂರನೇ ಪ್ರಶ್ನೆ ಇದು: ವರ್ಷಕ್ಕೆ 12,000 ಯೂನಿಟ್ ಬೇಕು, ಒಂದು ಆರ್ಡರ್‌ಗೆ 60 ರೂಪಾಯಿ ಖರ್ಚು, ಒಂದು ಯೂನಿಟ್ ಒಂದು ವರ್ಷ ಇಟ್ಟುಕೊಳ್ಳಲು 4 ರೂಪಾಯಿ. ಒಂದು ಸಲಕ್ಕೆ ಎಷ್ಟು ಆರ್ಡರ್ ಮಾಡಿದರೆ ಲಾಭ? ಉತ್ತರ 600. ಹುಡುಗ ಸೂತ್ರ ಬರೆದು, ಅಂಕಿ ಹಾಕಿ, √360000 ವರೆಗೆ ಬಂದು ನಿಂತಿದ್ದ. ಅಂದರೆ ಮುಚ್ಚಳದ ಮೊದಲ ಸಾಲು ಪ್ರಶ್ನೆಗೆ ನೇರ ಸಂಬಂಧಿಸಿದ್ದು. ಉಳಿದ ಎರಡು ಸಾಲುಗಳಿಗೆ ಸಂಬಂಧಿಸಿದ ಪ್ರಶ್ನೆಯೇ ಪತ್ರಿಕೆಯಲ್ಲಿ ಇರಲಿಲ್ಲ.

ವಿಷಯದ ಅಧ್ಯಾಪಕಿ ಒಂದು ಮಾತು ಹೇಳಿದರು. ತರಗತಿಯಲ್ಲಿ ಅವರು ಸೂತ್ರಕ್ಕೆ D, S, H ಅಕ್ಷರ ಬಳಸುತ್ತಾರೆ. ಮುಚ್ಚಳದಲ್ಲೂ ಬ್ಲೂ ಬುಕ್‌ನಲ್ಲೂ A, O, C ಇತ್ತು. ಸಮಿತಿಯ ಒಬ್ಬರಿಗೆ ಇದೇ ಸಾಕು ಅನ್ನಿಸಿತು. ಹುಡುಗ, "ಟ್ಯೂಶನ್‌ನಲ್ಲಿ ಹಂಗೇ ಹೇಳಿಕೊಟ್ಟಿದ್ದು ಸಾರ್" ಅಂದ. ಅದೂ ನಿಜ ಇರಬಹುದು, ಗೈಡ್‌ಗಳಲ್ಲಿ ಎರಡೂ ಬಗೆಯ ಅಕ್ಷರ ಇರುತ್ತವೆ. ಮನೆಯಲ್ಲಿ ಬರೆದವನೂ ಅವನೇ, ಟೆಸ್ಟ್‌ನಲ್ಲಿ ಬರೆದವನೂ ಅವನೇ ಆದಾಗ ಅಕ್ಷರ ಒಂದೇ ಇರುವುದು ಸಹಜ. ಅಕ್ಷರ ಹೊಂದುತ್ತದೆ ಅನ್ನುವುದರಿಂದ ನೋಡಿ ಬರೆದ ಅಂತ ಸಾಬೀತು ಆಗುವುದಿಲ್ಲ ಎಂದು ಸಮಿತಿ ಆ ಮಾತನ್ನು ಪಕ್ಕಕ್ಕಿಟ್ಟಿತು. ನನಗೆ ಆಗ ಬೇಸರವಾಯಿತು. ಆಮೇಲೆ ಯೋಚಿಸಿದಾಗ ಅವರು ಮಾಡಿದ್ದೇ ಸರಿ ಅನ್ನಿಸಿತು.

ಆದರೆ ಕಾಲೇಜಿನ ಮುದ್ರಿತ ನಿಯಮದಲ್ಲಿ ಎರಡು ಬಗೆ ಇತ್ತು. ಪ್ರಶ್ನೆಗೆ ಸಂಬಂಧಿಸಿದ ಬರಹವನ್ನು ಹತ್ತಿರ ಇಟ್ಟುಕೊಂಡಿರುವುದು ಒಂದು, ಅದನ್ನು ನೋಡಿ ಬರೆದದ್ದು ಇನ್ನೊಂದು. ಮೊದಲನೆಯದಕ್ಕೆ ಆ ಟೆಸ್ಟ್‌ನ ಅಂಕ ಸೊನ್ನೆ. ಎರಡನೆಯದಕ್ಕೆ ಆ ವಿಷಯದ ಇಂಟರ್ನಲ್ ಪೂರ್ತಿ ಸೊನ್ನೆ. ಬರೆದದ್ದು ತಾನೇ ಎಂದು ಹುಡುಗ ಒಪ್ಪಿದ್ದ, ಮುಚ್ಚಳ ಅವನ ಹತ್ತಿರ ಇತ್ತು, ಪ್ರಶ್ನೆಗೆ ಸಂಬಂಧ ಇತ್ತು. ಮೊದಲನೆಯದು ಆಯಿತು. ಎರಡನೇ ಟೆಸ್ಟ್‌ಗೆ ಸೊನ್ನೆ, ಎರಡನೇ ಉತ್ತರ ಹಾಳೆ ತಿದ್ದುವುದಿಲ್ಲ, ಮೊದಲ ಟೆಸ್ಟ್ ಮತ್ತು ಅಸೈನ್‌ಮೆಂಟ್ ಅಂಕಕ್ಕೆ ತೊಂದರೆ ಇಲ್ಲ. ಆದೇಶದಲ್ಲಿ ಕಾರಣವನ್ನೂ ಬರೆದು, ಒಪ್ಪದಿದ್ದರೆ ಪ್ರಿನ್ಸಿಪಾಲರಿಗೆ ಎಷ್ಟು ದಿನದೊಳಗೆ ಮನವಿ ಕೊಡಬಹುದು ಎಂದೂ ಬರೆದರು.

ನಿಮ್ಮ ಕಾಲೇಜಿನಲ್ಲಿ ಇಂಥ ಮುದ್ರಿತ ನಿಯಮ ಇಲ್ಲದಿದ್ದರೆ, ಚೀಟಿ ಸಿಕ್ಕ ಮೇಲೆ ಶಿಕ್ಷೆ ಹುಡುಕುತ್ತಾ ಕೂರಬೇಕಾಗುತ್ತದೆ. ಆಗ ಒಬ್ಬನಿಗೆ ಬರೀ ಎಚ್ಚರಿಕೆ, ಇನ್ನೊಬ್ಬನಿಗೆ ಪೂರ್ತಿ ಸೊನ್ನೆ ಆಗುತ್ತದೆ. ಸೆಮಿಸ್ಟರ್ ಶುರುವಿನಲ್ಲೇ ಒಂದು ಪುಟದ ನಿಯಮ ಮಾಡಿ, ನೋಟಿಸ್ ಬೋರ್ಡಿಗೆ ಹಾಕಿ, ಮೊದಲ ಟೆಸ್ಟ್‌ನ ಹಾಜರಿ ಹಾಳೆಯ ಮೇಲೇ "ನಿಯಮ ಓದಿದ್ದೇನೆ" ಎಂಬ ಸಾಲು ಸೇರಿಸಿ ಸಹಿ ಪಡೆಯಿರಿ.

ಸಮಿತಿ ಕೂರುವ ದಿನ ನಿಗದಿ ಮಾಡುವಾಗ ಒಂದು ಲೆಕ್ಕ ಇಟ್ಟುಕೊಳ್ಳಿ. ಇಂಟರ್ನಲ್ ಅಂಕಗಳನ್ನು ಯೂನಿವರ್ಸಿಟಿ ಪೋರ್ಟಲ್‌ಗೆ ಹಾಕಲು ಕೊನೆಯ ದಿನ ಇರುತ್ತದೆ. ನಮ್ಮ ಜಿಲ್ಲೆಯ ಡಿಗ್ರಿ ಕಾಲೇಜುಗಳಿಗೆ ಆ ಸುತ್ತೋಲೆ ಕುವೆಂಪು ವಿಶ್ವವಿದ್ಯಾಲಯದಿಂದ ಬರುತ್ತದೆ. ಅದಕ್ಕೆ ಮೊದಲೇ ಮನವಿಯ ಅವಧಿಯೂ ಮುಗಿದಿರಬೇಕು. ಒಮ್ಮೆ ಅಂಕ ಹೋದ ಮೇಲೆ ತಿದ್ದಿಸಲು ಶಂಕರಘಟ್ಟಕ್ಕೆ ಪತ್ರ ಹಿಡಿದು ಓಡಾಡಬೇಕು. ಆ ಓಡಾಟ ಒಮ್ಮೆ ಮಾಡಿದವರಿಗೆ ಗೊತ್ತು.

ಹುಡುಗ ಮನವಿ ಕೊಡಲಿಲ್ಲ. ಅವಧಿ ಮುಗಿದ ಮೇಲೆ ರಸೀತಿ ಹಿಡಿದುಕೊಂಡು ಮುಚ್ಚಳ ಕೇಳಲು ಬಂದ. ಫೈಲ್‌ನಲ್ಲಿ ಫೋಟೋ, ನಕಲು, ಆದೇಶ ಎಲ್ಲ ಇದ್ದವು. ಸಂಯೋಜಕರು ಪ್ರಿನ್ಸಿಪಾಲರನ್ನು ಕೇಳಿ ಲಕೋಟೆ ಒಡೆದರು, ಅವನಿಂದ ಸಹಿ ಪಡೆದು ಕೊಟ್ಟರು. ಅವನು ಅಲ್ಲೇ ನಿಂತು ಮುಚ್ಚಳವನ್ನು ಒಮ್ಮೆ ಬೆಳಕಿಗೆ ವಾಲಿಸಿ ನೋಡಿದ. ಆಮೇಲೆ ಶರ್ಟಿನ ತುದಿಯಿಂದ ಒರೆಸಿ, ಕ್ಯಾಲ್ಕುಲೇಟರ್‌ಗೆ ಸಿಕ್ಕಿಸಿಕೊಂಡು ಹೋದ.